ಒಂದು ತೆಪ್ಪ, ಒಂದು ಪಂಜರ: ಮಂಡಪಂ ಕಡಲಿನ ಲೆಕ್ಕ

ನಮ್ಮ ಫ್ರಿಜ್ಜಿನಲ್ಲಿರೋ ಚಾಕಲೇಟ್ ಹಾಲಿನ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ. ಬಹಳ ಸಲ ಅಲ್ಲಿ 'ಕ್ಯಾರಜೀನನ್' ಅಥವಾ 'ಇ-407' ಅಂತ ಬರೆದಿರುತ್ತದೆ. ಹಾಲನ್ನು ದಪ್ಪಗಿಡುವ ಈ ಅಂಟು ಬರುವುದು ಕಡಲ ಪಾಚಿಯಿಂದ. ಭಾರತದಲ್ಲಿ ಇದಕ್ಕಾಗಿ ಬೆಳೆಸುವ ಮುಖ್ಯ ಜಾತಿ ಕಪ್ಪಾಫೈಕಸ್. ಊರು ರಾಮೇಶ್ವರದ ಹತ್ತಿರದ ಮಂಡಪಂ.

ಅಲ್ಲೇ ಯಾಕೆ? ಪಾಕ್ ಕೊಲ್ಲಿ ಆಳವಿಲ್ಲದ, ಅಷ್ಟಾಗಿ ಅಲೆಯಿಲ್ಲದ ನೀರು. ದೊಡ್ಡ ನದಿ ಹತ್ತಿರವಿಲ್ಲ, ಹಾಗಾಗಿ ವರ್ಷದ ಹೆಚ್ಚು ಭಾಗ ಉಪ್ಪಿನಂಶ ಲೀಟರಿಗೆ 30 ಗ್ರಾಂ ಮೇಲೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಹೊಳೆಗಳೆಲ್ಲ ಸಿಹಿನೀರು ತಂದು ಸುರಿಯುತ್ತವೆ, ಕಡಲೂ ರೊಚ್ಚಿಗೇಳುತ್ತದೆ. ಈ ಪಾಚಿ ತಡೆಯಲ್ಲ. ಅದಕ್ಕೇ ಉಪ್ಪುಂದದ ಕಡೆ ಅಳಿವೆಯಲ್ಲಿ ಪಂಜರ ಹಾಕಿ, ಉಪ್ಪು ಕಡಿಮೆಯಾದರೂ ಬದುಕುವ ಸೀಬಾಸ್ ಮೀನು ಸಾಕಿದ್ದಾರೆ.

ಮಂಡಪಂನ ತೆಪ್ಪ ಬಿದಿರಿನದು, 12 ಅಡಿಗೆ 12 ಅಡಿ. ಅದಕ್ಕೆ 20 ಹಗ್ಗ, ಒಂದೊಂದು ಹಗ್ಗಕ್ಕೆ 20 ತುಂಡು, ಒಂದು ತುಂಡು ಸುಮಾರು 150 ಗ್ರಾಂ. ಗುಣಿಸಿದರೆ 60 ಕೆ.ಜಿ. ಬಿತ್ತನೆ. ಪಾಚಿ ಮೇಯುವ ಮೀನು ಬರದಂತೆ ಕೆಳಗೊಂದು ಬಲೆ. 45 ದಿನಕ್ಕೆ ಕೊಯ್ಲು. 60 ಕೆ.ಜಿ. ಹೋಗಿ 240 ಆಯಿತು ಅಂದುಕೊಳ್ಳಿ, ದಿನಕ್ಕೆ ಶೇ. 3ರಷ್ಟು ಬೆಳವಣಿಗೆ. ಅದರಲ್ಲಿ 60 ಕೆ.ಜಿ. ಮತ್ತೆ ಬಿತ್ತನೆಗೇ ಹೋಗುತ್ತದೆ, ಮಾರಾಟಕ್ಕೆ ಉಳಿಯೋದು 180.

ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದಕ್ಕೆ ಮೀನನ್ನೂ ಜೋಡಿಸಿದರು. ಸುಮಾರು 6 ಮೀಟರ್ ಅಗಲದ ದುಂಡು ಪಂಜರದಲ್ಲಿ 750ರಷ್ಟು ಕೋಬಿಯಾ ಮರಿ, ಸುತ್ತ ತೆಪ್ಪಗಳು. ಮೀನು ಬಿಡುವ ಅಮೋನಿಯಾ ಪಾಚಿಗೆ ಗೊಬ್ಬರ. ಆದರೆ ನೀರಲ್ಲಿ ಕರಗಿದ್ದನ್ನು ಮಾತ್ರ ಪಾಚಿ ಹೀರುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ ಎಲ್ಲ ತಳಕ್ಕೇ ಹೋಗುತ್ತವೆ. ಅವನ್ನು ಕೊಚ್ಚಿಕೊಂಡು ಹೋಗುವಷ್ಟು ಹರಿವು, ಬಲೆಯಡಿ ಒಂದಷ್ಟು ಆಳ ಬೇಕೇ ಬೇಕು.

ರೋಗದ ವಿಷಯಕ್ಕೆ ಬಂದರೆ, ಪಾಚಿ ರೈತರಿಗೆ ದೊಡ್ಡ ಹೆದರಿಕೆ 'ಐಸ್-ಐಸ್'. ಕೊಂಬೆಯ ನಡುವೆ ಒಂದು ಕಡೆ ಬಣ್ಣ ಹೋಗಿ ಬೆಳ್ಳಗೆ, ಮೆತ್ತಗಾಗುತ್ತದೆ. ಅಲ್ಲೇ ಮುರಿದು ತುದಿ ತೇಲಿಹೋಗುತ್ತದೆ. ಬ್ಯಾಕ್ಟೀರಿಯಾ ಇರುತ್ತವೆ ನಿಜ, ಆದರೆ ಅವು ಸಾಮಾನ್ಯವಾಗಿ ಆಮೇಲೆ ಬಂದ ನೆಂಟರು. ಮೊದಲು ಪಾಚಿಯನ್ನು ಸೋಲಿಸೋದು ಬಿಸಿನೀರು ಅಥವಾ ಮಳೆಯಿಂದ ಇಳಿದ ಉಪ್ಪು. ಹಾಗಾಗಿ ಔಷಧಿ ಅಂತ ಏನೂ ಇಲ್ಲ. ಬಿಳಿ ಕಂಡ ತುಂಡು ಕತ್ತರಿಸಿ ದಡಕ್ಕೆ ತರಬೇಕು, ಉಳಿದದ್ದನ್ನು ಬೇಗ ಕೊಯ್ಯಬೇಕು, ಅದರಿಂದ ಬಿತ್ತನೆ ತೆಗೆಯಬಾರದು. 2013ರ ಹೊತ್ತಿಗೆ ನೀರು ಕಾದು ಪಾಕ್ ಕೊಲ್ಲಿಯ ಬೆಳೆ ದೊಡ್ಡ ಪ್ರಮಾಣದಲ್ಲಿ ಸತ್ತಿತ್ತು. ಎಲ್ಲರ ತೆಪ್ಪದಲ್ಲೂ ಹಳೇ ತುಂಡಿನಿಂದಲೇ ಮುಂದುವರಿದ ಪಾಚಿ. ತಡೆಯುವ ಶಕ್ತಿಯಲ್ಲಿ ವ್ಯತ್ಯಾಸ ಎಲ್ಲಿಂದ ಬರಬೇಕು?

ಕೋಬಿಯಾದಲ್ಲಿ ನೋಡಬೇಕಾದ್ದು ಚರ್ಮ. ಮೀನು ಬಲೆಗೆ ಮೈ ಉಜ್ಜುತ್ತಿದ್ದರೆ, ಕಣ್ಣು ಮಂಜಾಗಿದ್ದರೆ ಚರ್ಮಕ್ಕೆ ಅಂಟುವ ಚಪ್ಪಟೆ ಹುಳು ಇರಬಹುದು. ಕೆಲವು ನಿಮಿಷ ಸಿಹಿನೀರಲ್ಲಿ ಅದ್ದಿದರೆ ಹುಳು ಬೆಳ್ಳಗಾಗಿ ಉದುರುತ್ತದೆ. ಆದರೆ ಅದರ ಮೊಟ್ಟೆ ಬಲೆಗೇ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ಬಲೆಯನ್ನೂ ಬದಲಿಸಬೇಕು.