ಮೂವತ್ತೈದು ಪದಗಳಲ್ಲಿ ದಾದಾ

ನಮ್ಮ ದಾದಾ ಬುಧವಾರ ಬೆಳಿಗ್ಗೆ ತೀರಿಕೊಂಡರು. ಪತ್ರಿಕೆಯ 'ನಿಧನ' ಕಾಲಂಗೆ ಸುದ್ದಿ ಕೊಡಲು ಚಾಚಾ ಒಂದು ಪುಟ ಬರೆದಿದ್ದರು. ಸಂಜೆಯೊಳಗೆ ಮೂವತ್ತೈದು ಪದ ಮೀರದಂತೆ ಕಳಿಸಿ ಎಂದು ವರದಿಗಾರರು ಹೇಳಿದರು. ಮನೆಯಲ್ಲಿ ಕನ್ನಡ ಚೆನ್ನಾಗಿ ಬರೆಯುವವನು ನಾನೇ ಎಂದು ಕಾಗದ ನನ್ನ ಕೈಗೆ ಬಂತು.

ಚಾಚಾ ಬರೆದದ್ದರಲ್ಲಿ 'ಮರ್ಹೂಮ್', 'ದಿವಂಗತ', 'ಇಹಲೋಕ ತ್ಯಜಿಸಿದರು', 'ತುಂಬಲಾರದ ನಷ್ಟ' ಎಲ್ಲವೂ ಇದ್ದವು. ತೀರಿಕೊಂಡರು ಎಂಬುದನ್ನೇ ಮೂರು ಸಲ ಹೇಳಿದಂತಾಗಿತ್ತು. 'ನಿಧನರಾದರು' ಒಂದೇ ಸಾಕು, ಅದು ಎಲ್ಲ ಸಮುದಾಯದವರಿಗೂ ಹೊಂದುತ್ತದೆ. ಪದ ಕಡಿಮೆಯಾದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಚಾಚಾಗೆ ಭಯ. ಆದರೆ ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ. 'ರಾದರು' ಎಂಬುದಕ್ಕೆ ಬೇರೆ ಪದದ ಖರ್ಚಿಲ್ಲ.

ಮೂವರು ಗಂಡುಮಕ್ಕಳ ಹೆಸರು ಬರೆದು, ನನ್ನ ಇಬ್ಬರು ಫೂಫಿಯರ ಹೆಸರು ಬಿಟ್ಟಿದ್ದರು. ಎಲ್ಲರ ಹೆಸರಿಗೂ ಜಾಗವಿಲ್ಲ, ಕೆಲವರದ್ದು ಮಾತ್ರ ಹಾಕಿದರೆ ಉಳಿದವರಿಗೆ ನೋವು. ಆದ್ದರಿಂದ ಸಂಖ್ಯೆ ಮಾತ್ರ ಇಟ್ಟೆ. ವಯಸ್ಸು ಎಂಬತ್ತು ಎಂದಿತ್ತು, ಆಧಾರ್ ಕಾರ್ಡ್ ನೋಡಿದರೆ 78.

ಕಷ್ಟವಾದದ್ದು ಸಮಯದ ವಿಷಯ. 'ಇಂದು ಸಂಜೆ ಅಂತ್ಯಕ್ರಿಯೆ' ಎಂದು ಬರೆದಿದ್ದರು. ಪತ್ರಿಕೆ ಬರುವುದು ಗುರುವಾರ, ನಮ್ಮಲ್ಲಿ ದಫನ್ ಸಾಮಾನ್ಯವಾಗಿ ಅದೇ ದಿನ ಮುಗಿಯುತ್ತದೆ. ಓದಿದವರು ಗುರುವಾರ ಸಂಜೆ ಖಬರಸ್ತಾನಕ್ಕೆ ಹೋಗಿ ನಿಂತಾರು! ಹಾಗಾಗಿ 'ಇಂದು' ಬದಲು ವಾರದ ಹೆಸರು ಹಾಕಿದೆ. ಇನ್ನು ಬರಲು ಸಾಧ್ಯವಿರುವುದು ಮೂರನೇ ದಿನದ ಜಿಯಾರತ್‌ಗೆ ಮಾತ್ರ, ಅದನ್ನು ಬಿಡುವಂತಿರಲಿಲ್ಲ. ಆ ಪದ ಎಲ್ಲರಿಗೂ ಗೊತ್ತಿರುವುದಿಲ್ಲವೆಂದು ಅರ್ಥವನ್ನೂ ಸೇರಿಸಿದೆ.

ಚಾಚಾ ಜೊತೆ ನಿಜವಾಗಿ ಜಗಳವಾದದ್ದು ಅಡ್ಡಹೆಸರಿಗೆ. ದಾದಾ ನಲವತ್ತು ವರ್ಷ ಸಂತೆಗಳಲ್ಲಿ ಕಡಲೆಕಾಯಿ ಕೊಂಡವರು. "ಅದೆಲ್ಲಾ ಪೇಪರ್‌ನಲ್ಲಿ ಹಾಕ್ತಾರಾ?" ಎಂದರು ಚಾಚಾ. ಆದರೆ ಪಾವಗಡದ ರೈತರಿಗೆ ಅವರ ಪೂರ್ತಿ ಹೆಸರು ಗೊತ್ತಿಲ್ಲ. ಹೆಸರು ಓದಿ, ಯಾರೋ ಎಂದು ಪುಟ ಮಗುಚುತ್ತಾರೆ. ಕೊನೆಗೆ ದಾದಿ, "ಇರಲಿ ಬಿಡು, ಅವರಿಗೇ ಇಷ್ಟವಿತ್ತು" ಎಂದರು.

ಕಳಿಸಿದ್ದು ಇಷ್ಟು (ಇಲ್ಲಿ ಹೆಸರು ಬಿಟ್ಟಿದ್ದೇನೆ, ಅದು ಮೂರು ಪದ):

ಮಧುಗಿರಿ: ಪಟ್ಟಣದ ವ್ಯಾಪಾರಿ ——— (78) ಬುಧವಾರ ನಿಧನರಾದರು. ಶಿರಾ, ಕೊರಟಗೆರೆ, ಪಾವಗಡ ಸಂತೆಗಳಲ್ಲಿ 'ಕಡ್ಲೆಕಾಯಿ ಸಾಹೇಬ್ರು' ಎಂದೇ ಪರಿಚಿತರಾಗಿದ್ದರು. ಪತ್ನಿ, ಮೂವರು ಪುತ್ರರು, ಇಬ್ಬರು ಪುತ್ರಿಯರು ಇದ್ದಾರೆ. ಅಂತ್ಯಕ್ರಿಯೆ ಅಂದೇ ನೆರವೇರಿತು. ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಮೂರನೇ ದಿನದ ಪ್ರಾರ್ಥನೆ (ಜಿಯಾರತ್) ಇದೆ.

ವಯಸ್ಸೂ ಸೇರಿ ಎಣಿಸಿದರೆ ಮೂವತ್ತನಾಲ್ಕು. ಕಳಿಸುವ ಮೊದಲು ಫೋನಿನಲ್ಲಿ ಇಬ್ಬರು ಫೂಫಿಯರಿಗೂ ಓದಿ ಹೇಳಿದೆ. ದೊಡ್ಡ ಫೂಫಿ ಅಡ್ಡಹೆಸರು ಬಂದಾಗ ನಕ್ಕು, ಆಮೇಲೆ ಅತ್ತರು. ಶುಕ್ರವಾರ ಪಾವಗಡದ ಬಸ್ಸಿಳಿದ ಇಬ್ಬರು ರೈತರು "ಕಡ್ಲೆಕಾಯಿ ಸಾಹೇಬ್ರ ಮನೆ ಯಾವುದಪ್ಪಾ?" ಎಂದು ನಮ್ಮ ಬೀದಿಯಲ್ಲಿ ಕೇಳುತ್ತಿದ್ದರು.