ವಿಮಾನ ರದ್ದಾದ ಸಂಜೆ, ಯಾತ್ರೆಯ ಗುಂಪಿಗೆ ಬರಬೇಕಾದ ಸಂದೇಶ

ಮನೆಯಿಂದ ಒಬ್ಬರೇ ಹೊರಟಾಗ ವಿಮಾನ ರದ್ದಾದರೆ ಅದು ಒಬ್ಬರ ತಲೆನೋವು. ಇಪ್ಪತ್ತು ಮೂವತ್ತು ಜನರ ಯಾತ್ರೆಯ ಗುಂಪಿನಲ್ಲಿ ಹಾಗಲ್ಲ. ಒಬ್ಬರು ಆ್ಯಪ್ ತೆರೆದು ಟಿಕೆಟ್ ರದ್ದು ಮಾಡುತ್ತಾರೆ, ಇನ್ನೊಬ್ಬರು ರೈಲು ಹುಡುಕುತ್ತಾರೆ, ಮತ್ತೊಬ್ಬರ ಮಗ ಅಮೆರಿಕದಿಂದ ಫೋನ್ ಮಾಡಿ ಬೇರೆ ಸಂಸ್ಥೆಯ ಟಿಕೆಟ್ ತೆಗೆಸುತ್ತಾನೆ. ಅರ್ಧ ಗಂಟೆಯಲ್ಲಿ ಗುಂಪು ಚದುರುತ್ತದೆ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿ ನಿಯಮ ಬದಲಾದ ಬೆನ್ನಲ್ಲೇ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದಾಗ ಇಂಥ ಪೇಚಿಗೆ ಸಿಕ್ಕವರು ಬಹಳ ಮಂದಿ. ಆ ಹೊತ್ತಿನಲ್ಲಿ ಟ್ರಾವೆಲ್ ಏಜೆಂಟ್ ಕಳಿಸುವ ಮೊದಲ ಸಂದೇಶದ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ 24 ಜನ ಕಾಶಿ, ಪ್ರಯಾಗ, ಅಯೋಧ್ಯೆಗೆ ಹೊರಟಿದ್ದಾರೆ. ಹೆಚ್ಚಿನವರು ಅರವತ್ತು ದಾಟಿದವರು. ಹೊರಡುವ ಹಿಂದಿನ ದಿನ ಸಂಜೆ ವಾಟ್ಸಾಪ್‌ಗೆ ಹೀಗೊಂದು ಸಂದೇಶ ಬರುತ್ತದೆ:

"ಎಲ್ಲರಿಗೂ ನಮಸ್ಕಾರ. ನಾಳೆ ಶುಕ್ರವಾರ, 12ನೇ ತಾರೀಕು, ಬೆಳಿಗ್ಗೆ 9.40ರ ಬೆಂಗಳೂರು–ವಾರಾಣಸಿ ವಿಮಾನ ರದ್ದಾಗಿದೆ. ಸಂಸ್ಥೆಯವರು ನಮಗೆ ತಿಳಿಸಿದ್ದು ಇವತ್ತು ಮಧ್ಯಾಹ್ನ 3.50ಕ್ಕೆ. 17ರ ವಾಪಸು ವಿಮಾನಕ್ಕೆ ತೊಂದರೆ ಇಲ್ಲ. ರಾತ್ರಿ ಮೈಸೂರಿನಿಂದ ಹೊರಡಬೇಕಿದ್ದ ಬಸ್ಸು ಹೊರಡುವುದಿಲ್ಲ. ಹೊಸ ಸಮಯ ಹೇಳುವವರೆಗೆ ಯಾರೂ ಮನೆ ಬಿಡಬೇಡಿ.

ಈಗ ಮೂರು ದಾರಿ ಇವೆ.
1. ನಾಳೆ ಮಧ್ಯಾಹ್ನ 1.30ಕ್ಕೆ ಲಖನೌ ವಿಮಾನ. 24 ಜನರಿಗೂ ಸೀಟು ಇದೆ. ಮೊದಲು ಅಯೋಧ್ಯೆ, ಆಮೇಲೆ ಪ್ರಯಾಗ, ಕೊನೆಗೆ ಕಾಶಿ. ಹೆಚ್ಚಿನ ಹಣ ಇಲ್ಲ.
2. ಶನಿವಾರ ಬೆಳಿಗ್ಗೆ ವಾರಾಣಸಿ ವಿಮಾನ. 11 ಸೀಟು ಮಾತ್ರ. ಯಾತ್ರೆ ಒಂದು ದಿನ ಕಡಿಮೆಯಾಗುತ್ತದೆ.
3. ಯಾತ್ರೆಯೇ ಬೇಡ ಎನ್ನುವವರಿಗೆ ವಿಮಾನದ ಹಣ ಪೂರ್ತಿ ವಾಪಸು. ಹೋಟೆಲ್, ವಾಹನದ ಲೆಕ್ಕ ಬೇರೆಯಾಗಿ ಕೊಡುತ್ತೇವೆ.

ಸಂಜೆ 6ರೊಳಗೆ ನಿಮ್ಮ ಹೆಸರು ಮತ್ತು 1, 2 ಅಥವಾ 3 ಎಂದಷ್ಟೇ ಬರೆಯಿರಿ. ಬರೆಯದವರಿಗೆ ನಾವೇ ಫೋನ್ ಮಾಡುತ್ತೇವೆ. ದಯವಿಟ್ಟು ನೀವಾಗಿಯೇ ಟಿಕೆಟ್ ರದ್ದು ಮಾಡಬೇಡಿ."

ಇದರಲ್ಲಿ ಕ್ಷಮೆಯ ಉದ್ದ ಪೀಠಿಕೆ ಇಲ್ಲ. ಯಾವ ವಿಮಾನ ರದ್ದಾಯಿತು, ಯಾವುದು ಉಳಿದಿದೆ, ಈಗ ಏನು ಮಾಡಬಾರದು, ಏನು ಉತ್ತರ ಕೊಡಬೇಕು, ಎಷ್ಟು ಹೊತ್ತಿನೊಳಗೆ ಕೊಡಬೇಕು ಎಂಬುದಷ್ಟೇ ಇದೆ. ಗಡುವು ಇಟ್ಟಿರುವುದು ಅವಸರಕ್ಕಲ್ಲ. ಒಂದು ವಿಮಾನ ರದ್ದಾದರೆ ಅದರ ಪ್ರಯಾಣಿಕರೆಲ್ಲ ಉಳಿದ ವಿಮಾನಗಳ ಸೀಟಿಗೆ ಮುಗಿಬೀಳುತ್ತಾರೆ. ಸಂಜೆ ಇದ್ದ 24 ಸೀಟು ರಾತ್ರಿ ಇರುತ್ತದೆಂಬ ಭರವಸೆ ಇಲ್ಲ.

ಮೊದಲನೆಯ ದಾರಿಯಲ್ಲಿ ಏಜೆಂಟರ ಅನುಭವ ಕಾಣುತ್ತದೆ. ವಾರಾಣಸಿಗೆ ಸೀಟು ಸಿಗದಿದ್ದರೆ ಸುತ್ತಮುತ್ತಲಿನ ಲಖನೌ, ಅಯೋಧ್ಯೆ, ಪ್ರಯಾಗರಾಜ್ ವಿಮಾನ ನಿಲ್ದಾಣಗಳನ್ನೂ ನೋಡಬೇಕು. ಲಖನೌದಿಂದ ಅಯೋಧ್ಯೆ ರಸ್ತೆಯಲ್ಲಿ ಸುಮಾರು 135 ಕಿಲೋಮೀಟರ್. ಯಾತ್ರೆಯನ್ನು ಹಿಂದುಮುಂದು ಮಾಡಿದರೆ ಕಾಶಿ ಕೊನೆಗೆ ಬರುತ್ತದೆ, ವಾಪಸು ವಿಮಾನ ಹೇಗೂ ಅಲ್ಲಿಂದಲೇ ಇದೆ. ಸಂಸ್ಥೆ ತಾನಾಗಿ ಇಂಥ ಬದಲಿಯನ್ನು ಮುಂದಿಡುವುದು ಕಡಿಮೆ, ಏಜೆಂಟರೇ ಕೇಳಿ ಪಡೆಯಬೇಕು. ಆಯಾ ಊರಿನ ಹೋಟೆಲ್‌ಗಳು ತಾರೀಕು ಬದಲಿಸಿಕೊಡುತ್ತವೆಯೇ ಎಂದು ಕೇಳಿಕೊಂಡೇ ಈ ದಾರಿಯನ್ನು ಗುಂಪಿನ ಮುಂದಿಡಬೇಕು.

"ನೀವಾಗಿಯೇ ರದ್ದು ಮಾಡಬೇಡಿ" ಎಂಬ ಮಾತಿಗೂ ಕಾರಣವಿದೆ. ವಿಮಾನವನ್ನು ಸಂಸ್ಥೆಯೇ ರದ್ದು ಮಾಡಿದರೆ ಹಣ ಪೂರ್ತಿ ಬರಬೇಕು. ಆದರೆ ಪ್ರಯಾಣಿಕರು ಮಾಮೂಲಿ ರದ್ದತಿಯ ಗುಂಡಿ ಒತ್ತಿದರೆ ಅದು ಅವರ ಸ್ವಂತ ತೀರ್ಮಾನವೆಂದು ದಾಖಲಾಗಿ ಶುಲ್ಕ ಕಡಿತವಾಗಬಹುದು. ಜೊತೆಗೆ ಗುಂಪಿನ ಟಿಕೆಟ್‌ನಲ್ಲಿ ಹಲವರ ಹೆಸರು ಒಂದೇ ಪಿಎನ್‌ಆರ್‌ನಲ್ಲಿರುತ್ತದೆ. ಇಬ್ಬರು ಹಿಂದೆ ಸರಿದರೆ ಏಜೆಂಟರು ಮೊದಲು ಆ ಇಬ್ಬರನ್ನು ಬೇರೆ ಪಿಎನ್‌ಆರ್‌ಗೆ ತೆಗೆಯಬೇಕು, ಆಮೇಲೆ ಅವರದನ್ನಷ್ಟೇ ರದ್ದು ಮಾಡಬೇಕು. ಅದನ್ನು ಬಿಟ್ಟು ನೇರ ರದ್ದು ಮಾಡಿದರೆ ಉಳಿದವರ ಸೀಟಿಗೂ ಕುತ್ತು.

ರೈಲಿನಲ್ಲಿ ಹೋಗಿ ಗುಂಪನ್ನು ಸೇರಿಕೊಳ್ಳುತ್ತೇವೆ ಎನ್ನುವವರೂ ಏಜೆಂಟರಿಗೆ ಹೇಳಿಯೇ ಹೊರಡಬೇಕು. ಹೋಗುವುದಕ್ಕೂ ಬರುವುದಕ್ಕೂ ಒಂದೇ ಟಿಕೆಟ್ ಇದ್ದು, ಬದಲಿ ವಿಮಾನದಲ್ಲಿ ಹೆಸರು ಸೇರಿಬಿಟ್ಟಿದ್ದರೆ, ಹತ್ತದವರನ್ನು ಸಂಸ್ಥೆ "ಬಾರದವರು" ಎಂದು ಗುರುತಿಸುತ್ತದೆ. ಆಗ ವಾಪಸು ಸೀಟೂ ರದ್ದಾಗಬಹುದು. ಬರುವ ಪ್ರಯಾಣವನ್ನು ಹಾಗೇ ಉಳಿಸಿಕೊಡಿ ಎಂದು ಮೊದಲೇ ಬರೆದು ಕೇಳಬೇಕು.

ಇನ್ನು ಪರಿಹಾರದ ಮಾತು. ಇಲ್ಲಿ 3.50 ಎಂಬ ಸಮಯಕ್ಕೆ ಬೆಲೆ ಇದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಂತೆ, ಹೊರಡುವುದಕ್ಕೆ 24 ಗಂಟೆ ಮೊದಲೇ ತಿಳಿಸಿದ್ದರೆ ಸಂಸ್ಥೆ ಬದಲಿ ವಿಮಾನ ಇಲ್ಲವೇ ಟಿಕೆಟ್ ಹಣ ಕೊಟ್ಟರೆ ಸಾಕು. ನಮ್ಮ ಉದಾಹರಣೆಯಲ್ಲಿ ಸುದ್ದಿ ಬಂದದ್ದು 18 ಗಂಟೆಗೂ ಕಡಿಮೆ ಇರುವಾಗ. ಹಾಗಾಗಿ ಬದಲಿ ವಿಮಾನ ಬೇಡವೆಂದು ಹಣ ವಾಪಸು ಕೇಳುವವರಿಗೆ ಪರಿಹಾರವೂ ಸಲ್ಲಬೇಕು. ಬೆಂಗಳೂರು–ವಾರಾಣಸಿಯಂತೆ ಎರಡು ಗಂಟೆ ಮೀರಿದ ಹಾರಾಟಕ್ಕೆ ಅದು 10,000 ರೂಪಾಯಿ, ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಬದಲಿ ವಿಮಾನ ಒಪ್ಪಿಕೊಂಡವರಿಗೆ ಈ ಹಣವಿಲ್ಲ. ಮಂಜು, ಬಿರುಗಾಳಿ, ಮುಷ್ಕರದಂತೆ ಸಂಸ್ಥೆಯ ಕೈಮೀರಿದ ಕಾರಣವಿದ್ದರೂ ಪರಿಹಾರ ಸಿಗದು. ಅದಕ್ಕೇ ರದ್ದತಿಯ ಕಾರಣವನ್ನು ಸಂಸ್ಥೆಯಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಬೇಕು.

ಇಲ್ಲೊಂದು ತೊಡಕಿದೆ. ಎಷ್ಟೋ ಗುಂಪು ಟಿಕೆಟ್‌ಗಳಲ್ಲಿ ಇರುವುದು ಏಜೆಂಟರ ಮೊಬೈಲ್ ಸಂಖ್ಯೆ ಮಾತ್ರ. ಸಂಸ್ಥೆ ಹಿಂದಿನ ದಿನವೇ ಆ ಸಂಖ್ಯೆಗೆ ತಿಳಿಸಿ, ಏಜೆಂಟರು ಅದನ್ನು ತಡವಾಗಿ ನೋಡಿದ್ದರೆ, ನಾವು ತಿಳಿಸಿದ್ದೆವು ಎಂದು ಸಂಸ್ಥೆ ಹೇಳುತ್ತದೆ. ಸರಿಯಾದ ಸಂಪರ್ಕ ಕೊಡದವರಿಗೆ ಪರಿಹಾರವಿಲ್ಲ ಎಂದು ನಿಯಮವೂ ಹೇಳುತ್ತದೆ.

ದಾರಿ ಆರಿಸಿದ ಮೇಲೆ ಹೊಸ ಟಿಕೆಟ್ ಕೈಗೆ ಬರಬೇಕು. ಅದು ಬಂದ ಕೂಡಲೇ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಪಿಎನ್‌ಆರ್ ಹಾಕಿ ಹೆಸರು, ತಾರೀಕು, ನಿಲ್ದಾಣ ನೋಡಿಕೊಳ್ಳಿ. ಗಾಲಿಕುರ್ಚಿ, ಊಟ, ಹೆಚ್ಚಿನ ಲಗೇಜಿಗೆ ಕಟ್ಟಿದ ಹಣ, ಆರಿಸಿಕೊಂಡ ಸೀಟು ಇವು ಹೊಸ ವಿಮಾನಕ್ಕೆ ತಾವಾಗಿಯೇ ಬರುತ್ತವೆ ಎಂದು ನಂಬಬೇಡಿ, ಒಂದೊಂದನ್ನೂ ಕೇಳಿ ಖಚಿತಪಡಿಸಿಕೊಳ್ಳಿ. ಮಂಡಿನೋವಿನ ಹಿರಿಯರಿಗೆ ಗಾಲಿಕುರ್ಚಿ ತಪ್ಪಿಹೋಗುವುದು ಇಂಥ ಬದಲಾವಣೆಯಲ್ಲೇ.

ಹಣ ವಾಪಸು ಬರುವುದು ಮೊದಲು ಯಾವ ದಾರಿಯಲ್ಲಿ ಕಟ್ಟಿದ್ದರೋ ಅದೇ ದಾರಿಯಲ್ಲಿ. ಗುಂಪು ಟಿಕೆಟ್‌ನ ಹಣ ಏಜೆಂಟರ ಖಾತೆಗೆ ಹೋಗಿ ಅಲ್ಲಿಂದ ನಿಮಗೆ ಬರುತ್ತದೆ. ಹಾಗಿದ್ದರೂ ಏಜೆಂಟರ ಮೂಲಕ ಕೊಂಡ ಟಿಕೆಟ್‌ನ ಹಣ ವಾಪಸಿಗೆ ಹೊಣೆ ವಿಮಾನ ಸಂಸ್ಥೆಯದೇ ಎಂದು ಡಿಜಿಸಿಎ ಹೇಳಿದೆ. ತಕರಾರಿದ್ದರೆ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಣ ವಾಪಸು ಮಾಡಲು ಒಟಿಪಿ ಅಥವಾ ಯುಪಿಐ ಪಿನ್ ಕೇಳಿದವನು ಮೋಸಗಾರ. ರದ್ದತಿಯ ಗದ್ದಲದಲ್ಲಿ ಅಂತರ್ಜಾಲದಲ್ಲಿ ಹುಡುಕಿದ "ಕಸ್ಟಮರ್ ಕೇರ್" ಸಂಖ್ಯೆಗೆ ಕರೆ ಮಾಡಿ ಹಣ ಕಳೆದುಕೊಳ್ಳುವವರಿದ್ದಾರೆ.

ಮುಂದಿನ ಯಾತ್ರೆಗೆ ಮುಂಗಡ ಕೊಡುವ ಮೊದಲು ಏಜೆಂಟರನ್ನು ಎರಡು ಪ್ರಶ್ನೆ ಕೇಳಿ: ಟಿಕೆಟ್‌ನಲ್ಲಿ ನನ್ನ ಮೊಬೈಲ್ ಸಂಖ್ಯೆ ಹಾಕುತ್ತೀರಾ? ವಿಮಾನ ರದ್ದಾದರೆ ಹೋಟೆಲ್, ವಾಹನದ ಹಣದಲ್ಲಿ ಎಷ್ಟು ವಾಪಸು ಕೊಡುತ್ತೀರಿ? ಎರಡಕ್ಕೂ ಉತ್ತರವನ್ನು ಬರಹದಲ್ಲಿ ಪಡೆದು ಆಮೇಲೆ ಹಣ ಕೊಡಿ.