ಸೇತುವೆಯಲ್ಲಿ ಮೊದಲು ಯಾವುದು ರಿಪೇರಿ?

ಒಂದು ಸೇತುವೆ ತಪಾಸಣೆ ವರದಿ. ಅಮೆರಿಕದ ಪದ್ಧತಿಯಲ್ಲಿ ಸ್ಥಿತಿ 1 ಅಂದರೆ ಚೆನ್ನಾಗಿದೆ, 4 ಅಂದರೆ ತೀವ್ರ ಹಾನಿ. ಇಲ್ಲಿ ಉಕ್ಕಿನ ಬೇರಿಂಗಿಗೆ 3, ಎಕ್ಸ್‌ಪಾನ್ಶನ್ ಜಾಯಿಂಟಿಗೂ 3, ಡೆಕ್ಕಿಗೆ 2.

ಮೊದಲು ಬೇರಿಂಗ್ ಬದಲಿಸೋಣ ಅನಿಸುತ್ತದೆ. ಆದರೆ ತುಕ್ಕಿನ ಗೆರೆ ಹಿಡಿದು ಮೇಲೆ ನೋಡಿ: ಜಾಯಿಂಟಿನ ರಬ್ಬರ್ ಸೀಲ್ ಹರಿದಿದೆ. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಕರಗಿ, ಆ ನೀರು ನೇರ ಬೇರಿಂಗ್ ಮೇಲೆ ಸುರಿಯುತ್ತಿದೆ. ಬಿಸಿಲಿಗೆ ಗರ್ಡರ್ ಹಿಗ್ಗಿದಾಗ ತುಕ್ಕು ಹಿಡಿದ ಬೇರಿಂಗ್ ಸರಿಯುವುದಿಲ್ಲ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಬಿರುಕು ಬಿಡುತ್ತದೆ. ಹೊಸ ಬೇರಿಂಗ್ ಕೂರಿಸಿದರೂ ಅದೇ ನೀರು ಅದನ್ನೂ ತಿನ್ನುತ್ತದೆ.

ಹಾಗಾಗಿ ಮೊದಲು ಸೀಲ್. ಆಮೇಲೆ ಜ್ಯಾಕ್ ಕೊಟ್ಟು ಗರ್ಡರ್ ಎತ್ತಿ ಬೇರಿಂಗ್. ಡೆಕ್ಕಿನಲ್ಲಿ ಸುತ್ತಿಗೆ ಬಡಿದಾಗ ಟೊಳ್ಳು ಸದ್ದು ಬಂದ ಜಾಗಗಳು ಕೊನೆಗೆ. ಬೇರಿಂಗ್ ಪೀಠದ ಅಂಚಿಗೇ ಜಾರಿದ್ದರೆ ಮಾತ್ರ ಈ ಕ್ರಮ ಬಿಟ್ಟು, ತಕ್ಷಣ ಗರ್ಡರಿಗೆ ಆಸರೆ ಕೊಡಬೇಕು.